ಬಾಜಿ ಮತ್ತು ಬುದ್ಧಿಭ್ರಮೆ: ಅಳವಂಡಿ ಸೀಮೆಯ ಮಟ್ಕಾ ಲೆಕ್ಕ

ಬಾಜಿ ಕಟ್ಟುವವನ ಬುದ್ಧಿ ದಾರಿ ತಪ್ಪುವ ಬಗೆಗಳಲ್ಲಿ ಮೂರನ್ನು ಮನಶ್ಶಾಸ್ತ್ರ ಮುಖ್ಯವಾಗಿ ಗುರುತಿಸಿದೆ. ಬಹಳ ದಿನ ಬಾರದ ಅಂಕಿ ಇನ್ನು ಬರಲೇಬೇಕು ಎಂದು ನಂಬುವುದು ಮೊದಲನೆಯದು. ಇದನ್ನು ಜೂಜುಗಾರನ ಭ್ರಮೆ ಎನ್ನುತ್ತಾರೆ. ನಿನ್ನೆ ಮೊನ್ನೆ ನಡೆದದ್ದಕ್ಕೆ ವರ್ಷಗಟ್ಟಲೆಯ ಅನುಭವಕ್ಕಿಂತ ಹೆಚ್ಚು ತೂಕ ಕೊಡುವ ಇತ್ತೀಚಿನದರ ಮೋಹ ಎರಡನೆಯದು. ಮೂರನೆಯದು ನಷ್ಟದ ಬೆನ್ನು ಹತ್ತುವುದು, ಅಂದರೆ ಹೋದ ಹಣವನ್ನು ತೆಗೆಯಲು ಇನ್ನಷ್ಟು ಹಣ ಹಚ್ಚುವುದು. ಮೊದಲ ಎರಡು ತರ್ಕದ ತಪ್ಪುಗಳು. ಮೂರನೆಯದು ಹಣದ ನಡೆ. ಮನೆ ಮುರಿಯುವುದು ಮೂರನೆಯದೇ ಆದರೂ ಅದಕ್ಕೆ ನೆಪ ಒದಗಿಸಿಕೊಡುವುದು ಮೊದಲ ಎರಡು.

ಕೊಪ್ಪಳ ತಾಲ್ಲೂಕಿನ ಹೋಬಳಿ ಕೇಂದ್ರವಾದ ಅಳವಂಡಿ ಮುಂಡರಗಿ ದಿಕ್ಕಿನ ಎರೆಭೂಮಿಯ ಊರು. ಅಲ್ಲಿ ಪೊಲೀಸ್ ಠಾಣೆಯೂ ಇದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ, ಹಾಗೆ ನೋಡಿದರೆ ಕಲ್ಯಾಣ ಕರ್ನಾಟಕದಾದ್ಯಂತ, ಠಾಣೆಗಳ ಜೂಜಿನ ಪ್ರಕರಣಗಳು ಬಹುಪಾಲು ಮೂರು ಜಾತಿಯವು: ಮಟ್ಕಾ, ಅಂದರ್ ಬಾಹರ್ ಮತ್ತು ಐಪಿಎಲ್ ಕಾಲದ ಕ್ರಿಕೆಟ್ ಬೆಟ್ಟಿಂಗ್. ದೂರಿನ ಭಾಷೆಯೂ ಅಚ್ಚು ಹಾಕಿದಂತಿರುತ್ತದೆ. ಆರೋಪಿ ಸಾರ್ವಜನಿಕ ಸ್ಥಳದಲ್ಲಿ ನಿಂತು, ನಂಬರ್ ಹತ್ತಿದರೆ ಒಂದು ರೂಪಾಯಿಗೆ ಎಂಬತ್ತು ರೂಪಾಯಿ ಕೊಡುವುದಾಗಿ ಕೂಗುತ್ತಾ ಜನರಿಂದ ಹಣ ಪಡೆದು ಚೀಟಿ ಬರೆದು ಕೊಡುತ್ತಿದ್ದ, ಅವನಿಂದ ನಗದು, ಮಟ್ಕಾ ಪಟ್ಟಿ ಮತ್ತು ಒಂದು ಬಾಲ್ ಪೆನ್ ಜಪ್ತಿ ಮಾಡಲಾಯಿತು ಎಂಬ ಧಾಟಿಯದು. ಇಸ್ಪೀಟಿನ ದೂರುಗಳಲ್ಲಿ ಅಂದರ್ ಬಾಹರ್ ಆಟಕ್ಕೆ ‘ನಸೀಬಿನ ಜೂಜಾಟ’ ಎಂಬ ಹೆಸರಿರುತ್ತದೆ. ಕರ್ನಾಟಕ ಪೊಲೀಸ್ ಕಾಯ್ದೆ 1963ರ 78ನೇ ಕಲಮು ಮಟ್ಕಾಕ್ಕೂ 87ನೇ ಕಲಮು ಬಯಲಿನ ಇಸ್ಪೀಟಿಗೂ ಬಳಕೆಯಾಗುತ್ತವೆ. ಕೌಶಲದ ಆಟಗಳಿಗೆ 176ನೇ ಕಲಮು ವಿನಾಯಿತಿ ಕೊಡುತ್ತದೆ.

ಈ ಲೇಖನ ಹೆಚ್ಚಾಗಿ ಮಟ್ಕಾದ ಸುತ್ತ ನಿಲ್ಲುತ್ತದೆ. ಅದರ ಲೆಕ್ಕ ಸರಳ, ಮೇಲಾಗಿ ಅದರ ಜೊತೆಗೇ ಒಂದು ಚಾರ್ಟು ಬರುತ್ತದೆ. ಹಳೆಯ ಅಂಕಿಗಳನ್ನು ದಿನವಾರು ಬರೆದಿಟ್ಟ ಆ ಚಾರ್ಟು ಮೇಲಿನ ಮೂರಕ್ಕೂ ಒಂದೇ ಹಾಳೆಯಲ್ಲಿ ಜಾಗ ಮಾಡಿಕೊಡುತ್ತದೆ.

ಒಂದಕ್ಕೆ ಎಂಬತ್ತು

ಮಟ್ಕಾ ಮುಂಬೈಯ ಕೂಸು. ನ್ಯೂಯಾರ್ಕ್ ಹತ್ತಿ ಪೇಟೆಯ ಆರಂಭದ ದರ ಮತ್ತು ಮುಕ್ತಾಯದ ದರ ಮುಂಬೈಗೆ ತಂತಿಯ ಮೂಲಕ ಬರುತ್ತಿದ್ದ ಕಾಲದಲ್ಲಿ ಆ ದರಗಳ ಮೇಲೆ ಬಾಜಿ ನಡೆಯುತ್ತಿತ್ತು. 1960ರ ದಶಕದ ಆರಂಭದಲ್ಲಿ ಆ ದಾರಿ ಮುಚ್ಚಿದಾಗ, 1962ರಲ್ಲಿ ಕಲ್ಯಾಣ್‌ಜಿ ಭಗತ್ ಮತ್ತು 1964ರಲ್ಲಿ ರತನ್ ಖತ್ರಿ ಅಂಕಿಗಳನ್ನು ತಾವೇ ಎತ್ತುವ ಪದ್ಧತಿ ತಂದರು. ಹತ್ತಿ ಹೋಯಿತು, ಓಪನ್ ಮತ್ತು ಕ್ಲೋಸ್ ಎಂಬ ಮಾತುಗಳು ಉಳಿದವು. ಕರ್ನಾಟಕದ ಹಲವೆಡೆ ಇವತ್ತಿಗೂ ಈ ಆಟಕ್ಕೆ ಓ.ಸಿ. ಎಂದೇ ಹೆಸರು. ಹತ್ತಿ ಬೆಳೆಯುವ ಎರೆನಾಡಿಗೆ ಹತ್ತಿಯ ದರದಿಂದ ಹುಟ್ಟಿದ ಜೂಜು ಬಂದು ನೆಲೆಸಿದ್ದು ಕಾಕತಾಳೀಯವಿರಬಹುದು.

ಓಪನ್‌ಗೆ ಒಂದು ಅಂಕೆ, ಕ್ಲೋಸ್‌ಗೆ ಒಂದು ಅಂಕೆ. ಮೂರು ಎಲೆಗಳ ಮೊತ್ತದ ಬಿಡಿಸ್ಥಾನವೇ ಆ ಅಂಕೆ. ಎರಡೂ ಸೇರಿದರೆ 00ಯಿಂದ 99ರವರೆಗಿನ ಒಂದು ಜೋಡಿ. ನೂರು ಜೋಡಿಗಳಲ್ಲಿ ಒಂದು ಬರುತ್ತದೆ, ಅದು ನಿಮ್ಮದಾಗಿದ್ದರೆ ರೂಪಾಯಿಗೆ ಎಂಬತ್ತು ಸಿಗುತ್ತದೆ. ಆಟ ಪೂರ್ತಿ ಪ್ರಾಮಾಣಿಕವಾಗಿದ್ದರೂ ಒಬ್ಬ ನೂರೂ ಜೋಡಿಗಳಿಗೆ ತಲಾ ಒಂದು ರೂಪಾಯಿ ಹಚ್ಚಿದರೆ ನೂರು ಕೊಟ್ಟು ಎಂಬತ್ತು ಪಡೆಯುತ್ತಾನೆ. ಯಾವ ಜೋಡಿ ಹಿಡಿದರೂ, ಹೇಗೆ ಆರಿಸಿದರೂ, ಹಚ್ಚಿದ ಪ್ರತಿ ನೂರರಲ್ಲಿ ಸರಾಸರಿ ಇಪ್ಪತ್ತು ರೂಪಾಯಿ ಅಲ್ಲೇ ಉಳಿಯುತ್ತದೆ.

ಇಲ್ಲಿಂದ ಒಂದು ಮಾತು ಹೊರಡುತ್ತದೆ. ಭ್ರಮೆಯಿಂದ ಆರಿಸಿದ ಅಂಕಿ ಕಣ್ಣು ಮುಚ್ಚಿ ಆರಿಸಿದ ಅಂಕಿಗಿಂತ ಕೆಟ್ಟದ್ದೇನಲ್ಲ. 47 ಹಿಡಿದರೂ ಅಷ್ಟೇ, 12 ಹಿಡಿದರೂ ಅಷ್ಟೇ. ಹಾಗಾದರೆ ಭ್ರಮೆಯಿಂದ ನಷ್ಟವೇನು? ‘ಇವತ್ತು ಬಂದೇ ಬರುತ್ತದೆ’ ಎಂಬ ಧೈರ್ಯ ಬಂದಾಗ ಮನುಷ್ಯ ಇಪ್ಪತ್ತು ಹಚ್ಚುವಲ್ಲಿ ಇನ್ನೂರು ಹಚ್ಚುತ್ತಾನೆ, ವಾರಕ್ಕೊಮ್ಮೆ ಆಡುವವನು ದಿನವೂ ಆಡುತ್ತಾನೆ. ಶೇಕಡಾ ಇಪ್ಪತ್ತರ ಕತ್ತರಿ ಬೀಳುವುದು ಹಚ್ಚಿದ ಒಟ್ಟು ಮೊತ್ತದ ಮೇಲೆ. ಭ್ರಮೆ ಆ ಮೊತ್ತವನ್ನು ಹಿಗ್ಗಿಸುತ್ತದೆ. ಬುಕ್ಕಿಗೆ ಗಿರಾಕಿಯ ತಲೆಯಲ್ಲಿ ಯಾವ ಭ್ರಮೆಯಿದೆ ಎಂಬುದು ಬೇಕಾಗಿಲ್ಲ. ಇದ್ದರೆ ಸಾಕು.

ಚಾರ್ಟಿನಲ್ಲಿ ಬಾಕಿ ಉಳಿದ ಅಂಕಿ

‘ಭಾಳ ದಿನ ಆತು, ಈ ನಂಬರ್ ಬಂದಿಲ್ಲ, ಈಗ ಬರಾಕ ಬೇಕು.’ ಚಾರ್ಟು ನೋಡುವವರ ಮೊದಲ ವಾದ ಇದು. ಬಾರದ ಅಂಕಿಯನ್ನು ಅವರು ತೀರಿಸಬೇಕಾದ ಸಾಲದಂತೆ ಕಾಣುತ್ತಾರೆ. ಈ ನಂಬಿಕೆ ಹೊಸದಲ್ಲ. ಫ್ರೆಂಚ್ ಗಣಿತಜ್ಞ ಲಾಪ್ಲಾಸ್ 1814ರ ತನ್ನ ಸಂಭವನೀಯತೆಯ ಪ್ರಬಂಧದಲ್ಲಿ, ಬಹುಕಾಲ ಬಾರದ ಲಾಟರಿ ಸಂಖ್ಯೆಗೆ ಜನ ಮುಗಿಬೀಳುವುದನ್ನು ಬರೆದಿದ್ದಾನೆ. ಊರಿನಲ್ಲಿ ಈ ತಿಂಗಳು ಗಂಡುಮಕ್ಕಳು ಹೆಚ್ಚು ಹುಟ್ಟಿದರೆ ತಮಗೆ ಹೆಣ್ಣೇ ಆದೀತೆಂದು ಗಂಡುಮಗುವಿಗಾಗಿ ಹಂಬಲಿಸುವವರು ಕಳವಳಪಡುತ್ತಿದ್ದುದನ್ನೂ ಬರೆದಿದ್ದಾನೆ. ‘ಮೂರು ಹೆಣ್ಣಾದವು, ನಾಲ್ಕನೆಯದು ಗಂಡೇ’ ಎಂಬ ಮಾತನ್ನು ನಮ್ಮ ಹಳ್ಳಿಗಳಲ್ಲಿ ಕೇಳದವರಿಲ್ಲ. ಅದು ಇದೇ ತರ್ಕದ ಇನ್ನೊಂದು ರೂಪ.

ತಪ್ಪು ಎಲ್ಲಿದೆಯೆಂದು ನೋಡಲು ಸ್ವಲ್ಪ ಲೆಕ್ಕ ಬೇಕು. ಒಂದು ಜೋಡಿ ಒಂದು ದಿನ ಬಾರದಿರುವ ಸಂಭವ ನೂರರಲ್ಲಿ ತೊಂಬತ್ತೊಂಬತ್ತು. ಸತತ 100 ಆಟ ಬಾರದಿರುವ ಸಂಭವ 0.99ನ್ನು ನೂರು ಸಲ ಗುಣಿಸಿದಷ್ಟು, ಅಂದರೆ ಸುಮಾರು ಶೇ 37. ನೂರು ದಿನ ಕಾದರೂ ಬಾರದಿರುವುದು ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಆಗುವ ಮಾಮೂಲಿ ಸಂಗತಿ. 200 ಆಟಕ್ಕೆ ಅದು ಶೇ 13, 300 ಆಟಕ್ಕೆ ಶೇ 5. ವಾರಕ್ಕೊಂದು ರಜೆ ಹಿಡಿದರೆ 300 ಆಟ ಎಂದರೆ ಹತ್ತಿರಹತ್ತಿರ ಒಂದು ವರ್ಷ.

ಈಗ ಇದನ್ನು ಚಾರ್ಟಿನ ಕಡೆಯಿಂದ ನೋಡಬೇಕು. ಇರುವುದು ನೂರು ಜೋಡಿ. ಪ್ರತಿಯೊಂದಕ್ಕೂ ವರ್ಷವಿಡೀ ಬಾರದಿರುವ ಸಂಭವ ಶೇ 5 ಎಂದಮೇಲೆ, ಯಾವ ದಿನ ಚಾರ್ಟು ಬಿಚ್ಚಿದರೂ ವರ್ಷದಿಂದ ಬಾರದ ಸುಮಾರು ಐದು ಜೋಡಿಗಳು ಅಲ್ಲಿ ಸಿಗುತ್ತವೆ. ಇವತ್ತು ಅವುಗಳಲ್ಲೊಂದು ಬಂದರೆ ಕೆಲವು ವಾರಗಳಲ್ಲಿ ಆ ಜಾಗಕ್ಕೆ ಇನ್ನೊಂದು ಸೇರುತ್ತದೆ. ಬಾಕಿ ಉಳಿದ ಅಂಕಿ ಎನ್ನುವುದು ಅಪರೂಪದ ಸುಳಿವಲ್ಲ, ಚಾರ್ಟಿನಲ್ಲಿ ಸದಾ ಇರುವ ಸರಕು. ಚಾರ್ಟು ಓದುವವನಿಗೆ ಅದು ತಾನು ಹುಡುಕಿ ತೆಗೆದ ಗುಟ್ಟಿನಂತೆ ಕಾಣುತ್ತದೆ. ಇಷ್ಟು ಜನ ಇಷ್ಟು ಶ್ರದ್ಧೆಯಿಂದ ಚಾರ್ಟು ಓದುವುದಕ್ಕೆ ಇದೇ ಕಾರಣವೆಂದು ತೋರುತ್ತದೆ. ಹುಡುಕಿದವನಿಗೆ ಏನೋ ಒಂದು ಸಿಕ್ಕೇ ಸಿಗುತ್ತದೆ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ತಳ್ಳಿಹಾಕುವಂಥದ್ದಲ್ಲ. ‘ಕೊನೆಗೆ ಎಲ್ಲಾ ಅಂಕಿಗಳೂ ಸಮಸಮ ಬರಬೇಕಲ್ಲ, ಹಿಂದೆ ಬಿದ್ದದ್ದು ಮುಂದೆ ಹೆಚ್ಚು ಬಂದರೆ ತಾನೆ ಸಮವಾಗುವುದು?’ ಹಾಗೇನೂ ಆಗಬೇಕಿಲ್ಲ. 1,000 ಆಟದಲ್ಲಿ ಒಂದು ಜೋಡಿ ಹತ್ತು ಸಲ ಬರಬೇಕಿತ್ತು, ಮೂರೇ ಸಲ ಬಂತು ಎನ್ನೋಣ. ಮುಂದಿನ 1,000ದಲ್ಲಿ ಅದು ಎಲ್ಲದರಂತೆ ಹತ್ತು ಸಲ ಬಂದರೆ 2,000ಕ್ಕೆ ಹದಿಮೂರಾಯಿತು. ಶೇ 0.3 ಇದ್ದ ಪಾಲು ಶೇ 0.65ಕ್ಕೆ ಏರಿ ಒಂದರ ಹತ್ತಿರ ಬಂತು. ಆದರೆ ಹಿಂದಿನ ಏಳು ಸಲದ ಬಾಕಿಯನ್ನು ಯಾರೂ ತೀರಿಸಲಿಲ್ಲ. ಆಟಗಳ ರಾಶಿ ದೊಡ್ಡದಾದಂತೆ ಆ ಬಾಕಿ ಅದರಲ್ಲಿ ಮುಳುಗಿಹೋಗುತ್ತದೆ, ಅಷ್ಟೇ. ಅಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ 1971ರ ಲೇಖನವೊಂದರಲ್ಲಿ ಇದನ್ನೇ ತೋರಿಸಿದರು. ದೊಡ್ಡ ಸಂಖ್ಯೆಗಳಿಗೆ ಮಾತ್ರ ಸಲ್ಲುವ ನಿಯಮ ನಾಲ್ಕಾರು ಆಟಗಳಿಗೂ ಸಲ್ಲಬೇಕೆಂದು ಮನಸ್ಸು ಬಯಸುತ್ತದೆ.

ಇಂಥ ಬಯಕೆಗೆ ದೇಶವೇ ತುತ್ತಾದ ಉದಾಹರಣೆ ಇಟಲಿಯದು. ಅಲ್ಲಿನ ಸರ್ಕಾರಿ ಲಾಟರಿಯ ವೆನಿಸ್ ವಿಭಾಗದಲ್ಲಿ 53 ಎಂಬ ಸಂಖ್ಯೆ 2003ರಿಂದ ಸುಮಾರು ಎರಡು ವರ್ಷ ಬರಲೇ ಇಲ್ಲ. ದಿನ ಕಳೆದಂತೆ ಜನ ಅದರ ಮೇಲೆ ಹೆಚ್ಚುಹೆಚ್ಚು ಸುರಿದರು. ಒಟ್ಟು ಮೊತ್ತ 300 ಕೋಟಿ ಯೂರೋ ಮೀರಿತು, ಸಾಲದಲ್ಲಿ ಮುಳುಗಿದ ಕುಟುಂಬಗಳಲ್ಲಿ ಆತ್ಮಹತ್ಯೆಗಳಾದವು. 2005ರ ಫೆಬ್ರುವರಿ 9ರಂದು ಕೊನೆಗೂ ಅದು ಬಂತು. ಕಾದವರ ನಂಬಿಕೆ ನಿಜವಾಯಿತು ಎನ್ನುವಂತಿಲ್ಲ. ಆ ದಿನವೂ ಅದರ ಸಂಭವ ಮೊದಲ ದಿನದಷ್ಟೇ ಇತ್ತು.

ಇದೇ ಭ್ರಮೆಯ ಮಗ್ಗುಲು ಇನ್ನೊಂದಿದೆ. ನಿನ್ನೆ ಬಂದ ಅಂಕಿಯನ್ನು ಇವತ್ತು ಯಾರೂ ಮುಟ್ಟುವುದಿಲ್ಲ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಮೂರಂಕಿ ಲಾಟರಿಯ ಲೆಕ್ಕ ತೆಗೆದ ಕ್ಲಾಟ್‌ಫೆಲ್ಟರ್ ಮತ್ತು ಕುಕ್ ಎಂಬ ಅರ್ಥಶಾಸ್ತ್ರಜ್ಞರು 1993ರಲ್ಲಿ ಇದನ್ನು ಅಳೆದು ತೋರಿಸಿದರು. ಒಂದು ಸಂಖ್ಯೆ ಗೆದ್ದ ಕೂಡಲೇ ಅದರ ಮೇಲಿನ ಬಾಜಿ ಕುಸಿಯುತ್ತಿತ್ತು, ಮೊದಲಿನ ಮಟ್ಟಕ್ಕೆ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು. ನೂರು ಜೋಡಿಯ ಆಟದಲ್ಲಿ ನಿನ್ನೆಯ ಜೋಡಿಯೇ ಇವತ್ತು ಮರಳುವುದು 300 ಆಟಕ್ಕೆ ಸರಾಸರಿ ಮೂರು ಸಲ. ಅಂಥ ದಿನ ಬಂದಾಗ ಜನ ಅದನ್ನು ಮೋಸವೆಂದೇ ತಿಳಿಯುತ್ತಾರೆ.

ಮೋಸದ ಮಾತು ಬಂದದ್ದರಿಂದ ಈ ಲೆಕ್ಕದ ಮಿತಿಯನ್ನೂ ಹೇಳಬೇಕು. ಮೇಲಿನದ್ದೆಲ್ಲ ಅಂಕಿ ನಿಜವಾಗಿ ಚೀಟಿಯೆತ್ತಿದಂತೆ ಬರುತ್ತದೆ ಎಂದು ಹಿಡಿದು ಮಾಡಿದ್ದು. ಕಾನೂನುಬಾಹಿರ ಆಟದಲ್ಲಿ ಎಲೆ ಎತ್ತುವವನ ಮೇಲೆ ಯಾರ ಕಣ್ಣೂ ಇರುವುದಿಲ್ಲ. ಎಲ್ಲರ ಪಟ್ಟಿ ಮೊದಲು ನೋಡಿ ಕಡಿಮೆ ಹಣ ಬಿದ್ದ ಅಂಕಿಯನ್ನೇ ತೆಗೆಯುತ್ತಾನೆ ಎಂದುಕೊಂಡರೆ ಚಾರ್ಟು ಓದುವವನ ಸ್ಥಿತಿ ಇನ್ನೂ ಕೆಡುತ್ತದೆ. ಹತ್ತಾರು ಜನ ಒಂದೇ ಚಾರ್ಟು ನೋಡಿ ಒಂದೇ ಬಾಕಿ ಅಂಕಿಗೆ ಹಚ್ಚಿದಾಗ ತೆಗೆಯಲೇಬಾರದ ಅಂಕಿ ಅದೇ ಆಗುತ್ತದೆ. ಕುಮಾರವ್ಯಾಸನ ಸಭಾಪರ್ವ ಓದಿಸಿ ಕೇಳುವ ಈ ಸೀಮೆಗೆ ಶಕುನಿಯ ದಾಳ ಹೊಸತಲ್ಲ. ಅಲ್ಲಿ ಧರ್ಮರಾಯನ ತಪ್ಪು ದಾಳವನ್ನು ನಂಬಿದ್ದಷ್ಟೇ ಅಲ್ಲ, ಪ್ರತಿ ಸೋಲಿಗೂ ಪಣವನ್ನು ಏರಿಸಿದ್ದು.

ಸ್ವಲ್ಪದರಲ್ಲಿ ತಪ್ಪಿತು

ಜನ ಬಿಟ್ಟುಹೋಗದಂತೆ ಹಿಡಿದಿಡುವ ಇನ್ನೊಂದು ಭ್ರಮೆ ಕೂದಲೆಳೆಯ ತಪ್ಪು. ಜೂಜಿನ ಯಂತ್ರಗಳ ಬಗ್ಗೆ ಬ್ರಿಟನ್ನಿನ ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು 2009ರಲ್ಲಿ ನಡೆಸಿದ ಮಿದುಳಿನ ಅಧ್ಯಯನದಲ್ಲಿ, ಗೆಲುವಿನ ಹತ್ತಿರ ಬಂದು ತಪ್ಪಿದ ಸೋಲು ಬರಿಯ ಸೋಲಿಗಿಂತ ಹೆಚ್ಚು ಬೇಸರ ತಂದರೂ ಮತ್ತೆ ಆಡುವ ಆಸೆಯನ್ನು ಹೆಚ್ಚಿಸುವುದು ಕಂಡುಬಂತು. ಯಂತ್ರದಲ್ಲಿ ಅಂಥ ಸೋಲನ್ನು ವಿನ್ಯಾಸಕಾರ ಮಾಡಿಡುತ್ತಾನೆ. ಮಟ್ಕಾದಲ್ಲಿ ಆಡುವವರೇ ಅದನ್ನು ಕಟ್ಟಿಕೊಂಡಿದ್ದಾರೆ.

ನೀವು 47 ಹಚ್ಚಿದ್ದೀರಿ ಎನ್ನಿ. ಓಪನ್‌ನಲ್ಲಿ 4 ಬಂದು ಕ್ಲೋಸ್ ಬೇರೆಯಾದರೆ ಅರ್ಧ ಹತ್ತಿತು, ಓಪನ್ ಬೇರೆಯಾಗಿ ಕ್ಲೋಸ್ 7 ಬಂದರೂ ಅಷ್ಟೇ. ಇಂಥ ಜೋಡಿಗಳು ಹದಿನೆಂಟು. ತಿರುಗುಮುರುಗಾಗಿ 74 ಬಂದರೆ ‘ಉಲ್ಟಾ ಬಂತು’. ಇದರ ಮೇಲೆ ಮಟ್ಕಾ ಆಡುವವರಿಗೆ ‘ಕಟ್’ ಎಂಬ ಲೆಕ್ಕವಿದೆ. ಅಂಕೆಗೆ ಐದು ಕೂಡಿಸಿದರೆ ಅದರ ಕಟ್: 4ಕ್ಕೆ 9, 7ಕ್ಕೆ 2. ಹೀಗೆ 47ರ ಕುಟುಂಬದಲ್ಲಿ 42, 97, 92 ಮತ್ತು ಅವುಗಳ ಉಲ್ಟಾಗಳೂ ಸೇರುತ್ತವೆ. ಎರಡು ಸಲ ಎಣಿಕೆಯಾದವನ್ನು ಬಿಟ್ಟು ಕೂಡಿಸಿದರೆ ನೂರರಲ್ಲಿ 23 ಫಲಿತಾಂಶಗಳು ‘ಸ್ವಲ್ಪದರಲ್ಲಿ ತಪ್ಪಿತು’ ಎನ್ನಿಸುವಂಥವು. ನಿಜವಾಗಿ ಹತ್ತುವುದು ಒಂದೇ. ನೂರು ದಿನಕ್ಕೊಮ್ಮೆ ಗೆಲ್ಲುವವನಿಗೆ ನಾಲ್ಕೈದು ದಿನಕ್ಕೊಮ್ಮೆ ತಾನು ಗುರಿಯ ಹತ್ತಿರ ಬರುತ್ತಿದ್ದೇನೆ ಎಂಬ ಭಾವನೆ ಬರುತ್ತದೆ.

ಗುರಿಯ ಹತ್ತಿರ ಬರುವುದಕ್ಕೆ ಕೆಲವು ಆಟಗಳಲ್ಲಿ ನಿಜವಾದ ಅರ್ಥವಿದೆ. ಪಂಚಮಿಯಲ್ಲಿ ಈ ಭಾಗದ ಹುಡುಗರು ನಿಂಬೆಹಣ್ಣು ಎಸೆದು ಇಷ್ಟೇ ಎಸೆತದಲ್ಲಿ ಇಂಥ ಜಾಗ ಮುಟ್ಟುತ್ತೇನೆಂದು ಪಂದ್ಯ ಕಟ್ಟುತ್ತಾರೆ. ಅಲ್ಲಿ ಒಂದು ಮಾರು ಕಡಿಮೆ ಬಿದ್ದವನು ತೋಳು ಪಳಗಿಸಿದರೆ ಮುಂದಿನ ವರ್ಷ ಗೆದ್ದಾನು. ಎಸೆತದಿಂದ ಕಲಿತ ಬುದ್ಧಿಯನ್ನು ಚೀಟಿಗೆ ಹಚ್ಚಿದಾಗ ಅದು ಕೆಲಸ ಮಾಡುವುದಿಲ್ಲ. 46 ಬಂದ ದಿನ 47 ಹಚ್ಚಿದವನೂ 12 ಹಚ್ಚಿದವನೂ ಒಂದೇ ದೂರದಲ್ಲಿರುತ್ತಾರೆ.

ನಿನ್ನೆಯ ಪಂದ್ಯ

ಕ್ರಿಕೆಟ್ ಬಾಜಿಯಲ್ಲಿ ವಾದ ತಿರುಗಿ ನಿಲ್ಲುತ್ತದೆ. ಇಲ್ಲಿ ಹಿಂದಿನದಕ್ಕೂ ಮುಂದಿನದಕ್ಕೂ ಸಂಬಂಧವಿದೆ. ಫಾರ್ಮ್ ಎಂಬುದು ಪೂರ್ತಿ ಸುಳ್ಳಲ್ಲ. ಬ್ಯಾಸ್ಕೆಟ್‌ಬಾಲ್ ಆಟಗಾರರ ‘ಕೈ ಕುದುರುವುದು’ ಬರೀ ಭ್ರಮೆ ಎಂದು ಗಿಲೋವಿಚ್, ವಲ್ಲೋನ್ ಮತ್ತು ಟ್ವೆರ್ಸ್ಕಿ 1985ರಲ್ಲಿ ವಾದಿಸಿದ್ದರು. ಅವರ ಲೆಕ್ಕದ ವಿಧಾನದಲ್ಲೇ ಸೂಕ್ಷ್ಮವಾದ ಓರೆಯಿತ್ತೆಂದು ಮಿಲ್ಲರ್ ಮತ್ತು ಸಂಜುರ್ಹೋ 2018ರಲ್ಲಿ ತೋರಿಸಿದ ಮೇಲೆ ಆ ತೀರ್ಪು ಸಡಿಲವಾಗಿದೆ. ತೊಂದರೆ ಇರುವುದು ಇತ್ತೀಚಿನದನ್ನು ಗಮನಿಸುವುದರಲ್ಲಲ್ಲ, ಅದನ್ನು ತಾನೊಬ್ಬನೇ ಗಮನಿಸಿದ್ದೇನೆ ಎಂದುಕೊಳ್ಳುವುದರಲ್ಲಿ.

2024ರ ಐಪಿಎಲ್‌ನಲ್ಲಿ ಬೆಂಗಳೂರು ತಂಡ ಮೊದಲ ಎಂಟು ಪಂದ್ಯಗಳಲ್ಲಿ ಒಂದೇ ಒಂದನ್ನು ಗೆದ್ದಿತ್ತು. ಆಮೇಲೆ ಏಪ್ರಿಲ್ 25ರಿಂದ ಮೇ 18ರವರೆಗೆ ಸತತ ಆರು ಗೆದ್ದು, ಚೆನ್ನೈ ತಂಡವನ್ನು ಕೊನೆಯ ಪಂದ್ಯದಲ್ಲಿ 27 ರನ್ನುಗಳಿಂದ ಸೋಲಿಸಿ ಪ್ಲೇಆಫ್ ತಲುಪಿತು. ಮೇ 22ರಂದು ಎಲಿಮಿನೇಟರ್‌ನಲ್ಲಿ ರಾಜಸ್ಥಾನಕ್ಕೆ ಸೋತಿತು. ಈ ಹಾದಿಯ ಯಾವ ಹಂತದಲ್ಲಿ ನಿಂತರೂ ಎರಡು ವಾದಗಳು ಸಿದ್ಧವಾಗಿದ್ದವು. ಏಳು ಸೋತಾಗ ಒಬ್ಬ ‘ಈ ವರ್ಷ ಮುಗೀತು’ ಎಂದ, ಇನ್ನೊಬ್ಬ ‘ಎಷ್ಟಂತ ಸೋಲ್ತಾರ, ಇನ್ನು ಗೆಲ್ಲಾಕ ಬೇಕು’ ಎಂದ. ಆರು ಗೆದ್ದಾಗಲೂ ‘ಈಗ ಇವರನ್ನ ಹಿಡಿಯಾಕ ಆಗಂಗಿಲ್ಲ’ ಎಂಬುದು ಒಂದು ಬಾಯಿ, ‘ಆರು ಆದವು, ಏಳನೆಯದು ಹೋಗ್ತೈತಿ’ ಎಂಬುದು ಇನ್ನೊಂದು. ಮೊದಲನೆಯದು ಇತ್ತೀಚಿನದರ ಮೋಹ, ಎರಡನೆಯದು ಜೂಜುಗಾರನ ಭ್ರಮೆ. ಒಂದಕ್ಕೊಂದು ಪೂರ್ತಿ ವಿರುದ್ಧವಾದ ಇವೆರಡನ್ನೂ ಒಬ್ಬನೇ ಮನುಷ್ಯ ಒಂದೇ ವಾರದಲ್ಲಿ ಬಳಸುತ್ತಾನೆ. ಯಾವುದು ಸರಿಹೋಯಿತೋ ಅದೇ ತನ್ನ ಲೆಕ್ಕವಾಗಿತ್ತು ಎಂದು ನೆನಪಿಟ್ಟುಕೊಳ್ಳುತ್ತಾನೆ.

ಬುಕ್ಕಿಯ ರೇಟು ಪೈಸೆಯಲ್ಲಿರುತ್ತದೆ. ಮೆಚ್ಚಿನ ತಂಡದ ರೇಟು 90 ಪೈಸೆ ಎಂದರೆ ಒಂದು ರೂಪಾಯಿ ಹಚ್ಚಿ ಗೆದ್ದವನಿಗೆ ಲಾಭ 90 ಪೈಸೆ. ಅಂಥ ಬಾಜಿ ನಷ್ಟವಾಗದಿರಲು ಆ ತಂಡ ನೂರಕ್ಕೆ 53 ಸಲವಾದರೂ ಗೆಲ್ಲಬೇಕು. ಮೂರು ಪಂದ್ಯ ಗೆದ್ದ ಸುದ್ದಿ ಹರಡಿ ರೇಟು 60 ಪೈಸೆಗೆ ಇಳಿದರೆ ಈಗ ನೂರಕ್ಕೆ 63 ಸಲ ಗೆಲ್ಲಬೇಕು. ತಂಡ ಸುಧಾರಿಸಿದ್ದು ನಿಜವಿರಬಹುದು, ಆ ಸುಧಾರಣೆಯ ಬೆಲೆಯನ್ನು ರೇಟು ಆಗಲೇ ವಸೂಲಿ ಮಾಡಿದೆ. ಫಾರ್ಮ್ ನೋಡಿ ಹಚ್ಚುವವನು ತಂಡ ಗೆಲ್ಲುತ್ತದೆಯೇ ಎಂದು ಕೇಳಿಕೊಳ್ಳುತ್ತಾನೆ. ಈ ರೇಟು ಹೇಳುವುದಕ್ಕಿಂತ ಹೆಚ್ಚು ಸಲ ಗೆಲ್ಲುತ್ತದೆಯೇ ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲ.

ಟಾಸಿನ ಮೇಲೂ ಬಾಜಿ ನಡೆಯುತ್ತದೆ. ಅಲ್ಲಿ ಫಾರ್ಮ್ ಎಂಬುದೇ ಇಲ್ಲ. ಭಾರತ ಪುರುಷರ ತಂಡ 2023ರ ವಿಶ್ವಕಪ್ ಫೈನಲ್‌ನಿಂದ ಶುರುವಾಗಿ ಏಕದಿನ ಪಂದ್ಯಗಳಲ್ಲಿ ಸತತ 20 ಟಾಸ್ ಸೋತು, 2025ರ ಡಿಸೆಂಬರ್‌ನಲ್ಲಿ ವಿಶಾಖಪಟ್ಟಣದಲ್ಲಿ ಕೆ.ಎಲ್. ರಾಹುಲ್ ನಾಯಕತ್ವದಲ್ಲಿ ಗೆದ್ದಿತು. ಇಪ್ಪತ್ತು ಟಾಸ್ ಒಂದೇ ಸಮನೆ ಸೋಲುವ ಸಂಭವ ಹತ್ತು ಲಕ್ಷಕ್ಕೆ ಒಂದರಷ್ಟು. ಹತ್ತನೆಯ ಸೋಲಿನ ನಂತರ ‘ಇನ್ನು ಗೆಲ್ಲಲೇಬೇಕು’ ಎಂದು ಪ್ರತಿಸಲ ಹಚ್ಚುತ್ತ ಹೋದವನು ಇನ್ನೂ ಹತ್ತು ಸಲ ಕಳೆದುಕೊಳ್ಳುತ್ತಿದ್ದ.

ಹೋದದ್ದನ್ನು ತೆಗೆಯಬೇಕು

ನಷ್ಟದ ಬೆನ್ನು ಹತ್ತುವುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಹೆನ್ರಿ ಲೆಸಿಯರ್ 1977ರಲ್ಲಿ ಪ್ರಕಟವಾದ ತನ್ನ ಗ್ರಂಥದ ಕೇಂದ್ರವಾಗಿಸಿಕೊಂಡ. ಜೂಜು ಚಟವಾಗುವ ಹಾದಿಯಲ್ಲಿ ಅದೇ ತಿರುವು ಎಂಬುದು ಅವನ ವಾದ. ಅದರ ಹಿಂದಿನ ಮನಸ್ಸನ್ನು ಕಾಹ್ನೆಮನ್ ಮತ್ತು ಟ್ವೆರ್ಸ್ಕಿ 1979ರ ಸಿದ್ಧಾಂತದಲ್ಲಿ ವಿವರಿಸಿದರು. ಲಾಭದಲ್ಲಿದ್ದಾಗ ಮನುಷ್ಯ ಅಪಾಯಕ್ಕೆ ಹಿಂಜರಿಯುತ್ತಾನೆ, ನಷ್ಟದಲ್ಲಿದ್ದಾಗ ಧೈರ್ಯಗೊಳ್ಳುತ್ತಾನೆ. ಇದಕ್ಕೆ ಥೇಲರ್ ಮತ್ತು ಜಾನ್ಸನ್ 1990ರಲ್ಲಿ ಒಂದು ಮಾತು ಸೇರಿಸಿದರು: ಒಂದೇ ಏಟಿಗೆ ಅಸಲು ತೀರಿಸುವ ಅವಕಾಶ ಕಂಡರೆ ಆ ಧೈರ್ಯ ಇನ್ನೂ ಹೆಚ್ಚುತ್ತದೆ. ದಿನದ ಕೊನೆಯ ಕುದುರೆ ಓಟದಲ್ಲಿ ಗೆಲ್ಲುವ ಸಂಭವ ಕಡಿಮೆಯಿರುವ ಕುದುರೆಗಳ ಮೇಲೆ ಜನ ಹೆಚ್ಚು ಹಣ ಹಚ್ಚುವುದನ್ನು ಸಂಶೋಧಕರು 1950ರ ದಶಕದಿಂದಲೂ ಗಮನಿಸಿದ್ದಾರೆ. ಖಾಲಿ ಕೈಯಲ್ಲಿ ಮನೆಗೆ ಹೋಗುವ ಮುಂಚೆ ಅದು ಕೊನೆಯ ಅವಕಾಶ.

ಒಂದಕ್ಕೆ ಎಂಬತ್ತು ಕೊಡುವ ಮಟ್ಕಾದಲ್ಲಿ ಆ ಅವಕಾಶ ದಿನವೂ ಎದುರಿಗಿರುತ್ತದೆ. ಲೆಕ್ಕಕ್ಕೆಂದು ಒಬ್ಬ ರೈತನನ್ನು ಊಹಿಸಿಕೊಳ್ಳೋಣ. ಆತ 47ಕ್ಕೆ ದಿನಕ್ಕೆ 20 ರೂಪಾಯಿ ಹಚ್ಚುತ್ತಾನೆ. ಹತ್ತಿದರೆ 1,600. ಎಂಬತ್ತನೆಯ ದಿನದೊಳಗೆ ಹತ್ತಿದರೆ ನಷ್ಟವಿಲ್ಲ. ಆದರೆ ಎಂಬತ್ತು ದಿನದಲ್ಲಿ ಅದು ಬಾರದೇ ಇರುವ ಸಂಭವ ಶೇ 45. ನಮ್ಮ ರೈತ ಅಷ್ಟು ಕಾಯುವುದಿಲ್ಲ. ಮೂವತ್ತು ದಿನಕ್ಕೆ 600 ಹೋದಾಗ ಬೇಗ ತೆಗೆಯಬೇಕೆಂದು 50ಕ್ಕೆ ಏರಿಸುತ್ತಾನೆ. ಈಗ ಹತ್ತಿದರೆ 4,000, ಎಲ್ಲ ತೀರಿ ಮಿಗುತ್ತದೆ. ಇನ್ನೂ ಅರವತ್ತು ದಿನ ಕಳೆಯುತ್ತವೆ, ಹೋದದ್ದು 3,600. ಈಗ 100 ಹಚ್ಚುತ್ತಾನೆ, ಹತ್ತಿದರೆ 8,000. ಮತ್ತೆ ಅರವತ್ತು ದಿನ. 150ನೆಯ ಆಟದ ಹೊತ್ತಿಗೆ ಹೋದದ್ದು 9,600, ದಿನದ 100 ರೂಪಾಯಿಯೂ ಈಗ ಸಾಲದು. 20ರಲ್ಲೇ ನಿಂತಿದ್ದರೆ ಹೋಗುತ್ತಿದ್ದುದು 3,000.

ಇಂಥ ದುರದೃಷ್ಟ ಅಪರೂಪವೆನ್ನಿಸಬಹುದು. 150 ಆಟ ಬಾರದಿರುವ ಸಂಭವ ಶೇ 22, ಅಂದರೆ ಹೀಗೆ ಆಡುವ ಐವರಲ್ಲಿ ಒಬ್ಬನಾದರೂ ಇಲ್ಲಿಗೆ ತಲುಪುತ್ತಾನೆ. ಗಮನಿಸಬೇಕಾದ್ದು, ಪ್ರತಿ ಮೆಟ್ಟಿಲಿನಲ್ಲೂ ಅವನ ಲೆಕ್ಕ ಸರಿಯಾಗಿಯೇ ಇತ್ತು ಎಂಬುದು. ಇವತ್ತು ಹತ್ತಿದರೆ ಎಲ್ಲ ತೀರುತ್ತದೆ ಎಂಬುದು ಸುಳ್ಳಲ್ಲ. ‘ಹತ್ತಿದರೆ’ ಎಂಬುದರ ತೂಕವನ್ನು ಅವನು ಪ್ರತಿದಿನ ಹೆಚ್ಚಿಸುತ್ತ ಹೋದ, ಅದು ಮಾತ್ರ ನೂರಕ್ಕೆ ಒಂದರಲ್ಲೇ ನಿಂತಿತ್ತು. ಅಂಕಿ ಹತ್ತಿದವರದ್ದು ಇನ್ನೊಂದು ಕತೆ. ಅವರು ಆಟ ಬಿಡುವುದಿಲ್ಲ, ಗೆದ್ದ ಹಣವನ್ನೇ ಮತ್ತೆ ಹಚ್ಚುತ್ತಾರೆ. ಅವರ ಗೆಲುವೇ ಊರಿನಲ್ಲಿ ಸುದ್ದಿಯಾಗುವುದು. 9,600 ಕಳೆದುಕೊಂಡವನು ಬಾಯಿ ಬಿಡುವುದಿಲ್ಲ.

ಅಂದರ್ ಬಾಹರ್‌ನಲ್ಲಿ ಬೆನ್ನು ಹತ್ತುವುದು ಇನ್ನೂ ವೇಗ. ಮೊದಲ ಎಲೆ ಬೀಳುವ ಬದಿ ನೂರಕ್ಕೆ 51.5 ಸಲ, ಇನ್ನೊಂದು ಬದಿ 48.5 ಸಲ ಗೆಲ್ಲುತ್ತದೆ. ಹೆಚ್ಚುಕಡಿಮೆ ನಾಣ್ಯದಂತೆ. ಸೋತರೆ ದುಪ್ಪಟ್ಟು ಹಚ್ಚುವವನು 100ರಿಂದ ಶುರುಮಾಡಿ ಏಳು ಸಲ ಸತತ ಸೋತರೆ 12,700 ಕಳೆದುಕೊಂಡಿರುತ್ತಾನೆ. ಎಂಟನೆಯದಕ್ಕೆ 12,800 ಬೇಕು, ಗೆದ್ದರೆ ಉಳಿಯುವುದು ಅದೇ 100. ಏಳು ಸತತ ಸೋಲು ಎಂದೋ ಒಮ್ಮೆ ಆಗುವುದೆಂದು ತೋರುತ್ತದೆ. ಆದರೆ ಹಬ್ಬದ ಒಂದು ರಾತ್ರಿ ನೂರು ಕೈ ಆಡಿದರೆ ಎಲ್ಲಾದರೂ ಒಮ್ಮೆ ಅಂಥ ಸರಣಿ ಬರುವ ಸಂಭವ ಮೂರರಲ್ಲಿ ಒಂದರ ಹತ್ತಿರವಿದೆ.

ಗುರುತು ಮತ್ತು ಉಪಾಯ

2013ರಲ್ಲಿ ಪ್ರಕಟವಾದ ಅಮೆರಿಕದ ಮನೋವೈದ್ಯರ ಕೈಪಿಡಿಯ ಐದನೆಯ ಆವೃತ್ತಿ ಜೂಜಿನ ರೋಗಕ್ಕೆ ಒಂಬತ್ತು ಲಕ್ಷಣಗಳನ್ನು ಹೇಳುತ್ತದೆ, ವರ್ಷದೊಳಗೆ ನಾಲ್ಕು ಕಂಡರೆ ರೋಗ. ಕಳೆದುಕೊಂಡ ಮೇಲೆ ತೆಗೆಯಲೆಂದು ಇನ್ನೊಂದು ದಿನ ಮರಳುವುದು ಅವುಗಳಲ್ಲೊಂದು. ಬಾಜಿಯ ಮೊತ್ತ ಏರುತ್ತ ಹೋಗುವುದು, ಸುಳ್ಳು ಹೇಳುವುದು, ಸಾಲ ತೀರಿಸಲು ಇತರರನ್ನು ನೆಚ್ಚುವುದು ಉಳಿದವುಗಳಲ್ಲಿ ಸೇರಿವೆ. ಚಾರ್ಟು ನಂಬುವುದು ಪಟ್ಟಿಯಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ಭ್ರಮೆ ಎಲ್ಲರಲ್ಲೂ ಇದೆ, ಇಪ್ಪತ್ತು ರೂಪಾಯಿಗೆ ಮುಗಿಯುವವನಲ್ಲೂ ಇದೆ. ಮನೆಯವರು ನೋಡಬೇಕಾದ್ದು ಒಂದೇ: ಸೋತ ಮರುದಿನ ಮೊತ್ತ ಕಡಿಮೆಯಾಗುತ್ತದೆಯೋ ಹೆಚ್ಚುತ್ತದೆಯೋ.

ಲೆಕ್ಕ ಹೇಳಿಕೊಟ್ಟರೆ ಬಿಡುತ್ತಾರೆ ಎಂಬುದು ಓದಿದವರ ಭ್ರಮೆ. ಸಂಭವನೀಯತೆ ಬಲ್ಲವರೂ ಬೆನ್ನು ಹತ್ತುತ್ತಾರೆ. ಸಂಬಂಧಿಕರು ಸಾಲ ತೀರಿಸಿ ‘ಇನ್ನು ಆಡಬೇಡ’ ಎಂದು ಆಣೆ ಹಾಕಿಸುವುದು ಎಲ್ಲೆಡೆ ನಡೆಯುತ್ತದೆ. ಆಡುವವನ ಕೈಗೆ ಅದು ಹೊಸ ಸಾಲ ಮಾಡುವ ಯೋಗ್ಯತೆಯನ್ನು ಕೊಡುತ್ತದೆ. ಚಿಕಿತ್ಸೆಯಲ್ಲಿ ಮಾಡುವುದು ಬೇರೆ. ಹಣದ ವ್ಯವಹಾರವನ್ನು ಕೆಲಕಾಲ ಇನ್ನೊಬ್ಬರ ಕೈಗೆ ಕೊಡಿಸುವುದು, ಇರುವ ಸಾಲವನ್ನೆಲ್ಲ ಒಂದೇ ಹಾಳೆಯಲ್ಲಿ ಬರೆಸುವುದು, ಅದನ್ನು ಜೂಜಿನಿಂದಲ್ಲದೆ ದುಡಿಮೆಯಿಂದ ತೀರಿಸುವ ಕಂತುಗಳನ್ನು ಗೊತ್ತುಮಾಡುವುದು. ಹೋದದ್ದು ಹೋಯಿತು ಎಂದು ಒಪ್ಪುವವರೆಗೆ ತೆಗೆಯಬೇಕೆಂಬ ಹಟ ಇಳಿಯುವುದಿಲ್ಲ.

ಕೊಪ್ಪಳ ಸೀಮೆಯವರಿಗೆ ಹತ್ತಿರದ ದೊಡ್ಡ ಮನೋವೈದ್ಯ ಸಂಸ್ಥೆ ಧಾರವಾಡದ ಡಿಮ್ಹಾನ್ಸ್. ಮೊಬೈಲ್ ಆಟಗಳ ಚಟಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಪ್ರತ್ಯೇಕ ಚಿಕಿತ್ಸಾಲಯವಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು, ಕೌಶಲದ್ದಿರಲಿ ಅದೃಷ್ಟದ್ದಿರಲಿ, ನಿಷೇಧಿಸುವ ಕಾಯ್ದೆ ತಂದಿದೆ. 2022ರಲ್ಲಿ ಶುರುವಾದ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆಡುವವನೇ ಕರೆ ಮಾಡಬೇಕೆಂದಿಲ್ಲ, ಹೆಂಡತಿಯೋ ತಾಯಿಯೋ ಮಾಡಿದರೂ ಸಲಹೆ ಸಿಗುತ್ತದೆ.